ಒಬ್ಬನ ತಪ್ಪು, ಎಲ್ಲರ ಮೈಬಣ್ಣ

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ತೀರಿಕೊಂಡರು. ಸುಮಾರು ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಸ್ನೇಹಿತರೊಡನೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಕಾರನ್ನು ಗುಂಪು ತಡೆಯಿತು. ಅವಳನ್ನು ಹೊಡೆದು, ಬಟ್ಟೆ ಹರಿದು, ಕಾರಿಗೆ ಬೆಂಕಿ ಹಚ್ಚಿದರು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಇಬ್ಬರ ದೇಶ ಬೇರೆ, ಭಾಷೆ ಬೇರೆ. ಗುಂಪಿಗೆ ಕಂಡದ್ದು ಮೈಬಣ್ಣ ಮಾತ್ರ.

ಇದು ನಮ್ಮೂರಿನ ಕೋಪವಷ್ಟೇ ಅಲ್ಲ. ಆಫ್ರಿಕಾದ ವ್ಯಾಪಾರಿಗಳು ಬಹುಕಾಲದಿಂದ ನೆಲೆಸಿರುವ ಚೀನಾದ ಗುವಾಂಗ್‌ಝೌ ನಗರದಲ್ಲಿ 2020ರ ಏಪ್ರಿಲ್‌ನಲ್ಲಿ ಕೆಲವು ನೈಜೀರಿಯನ್ನರಿಗೆ ಕೊರೊನಾ ತಗುಲಿತು. ಆಗ ಎಲ್ಲಿಗೂ ಪ್ರಯಾಣ ಮಾಡದ ಆಫ್ರಿಕನ್ನರನ್ನೂ ಒತ್ತಾಯದಿಂದ ಪರೀಕ್ಷೆಗೆ, ಕ್ವಾರಂಟೈನ್‌ಗೆ ಒಳಪಡಿಸಲಾಯಿತು. ಬಾಡಿಗೆ ಕೊಟ್ಟವರನ್ನೂ ಮನೆಯಿಂದ ಹೊರಹಾಕಿದರು. ಹೋಟೆಲುಗಳು ಸೇರಿಸಲಿಲ್ಲ, ಹಲವರು ಬೀದಿಯಲ್ಲಿ ಮಲಗಿದರು. ಹೊರದೇಶದಿಂದ ಸೋಂಕು ತಂದವರಲ್ಲಿ ಹೆಚ್ಚಿನವರು ತಾಯ್ನಾಡಿಗೆ ಮರಳಿದ ಚೀನೀಯರೇ ಆಗಿದ್ದರು. ಅವರ ಬಣ್ಣದ ಮೇಲೆ ಯಾರೂ ಅನುಮಾನಪಡಲಿಲ್ಲ. ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಪ್ರತಿಭಟಿಸಿದರು.

ಎರಡೂ ಕಡೆ ದಂಡ ತೆತ್ತವರು ಏನೂ ಮಾಡದವರು. ಬೆಂಗಳೂರಿನಲ್ಲಂತೂ ದೂರನ್ನು ತಕ್ಷಣ ಕೈಗೆತ್ತಿಕೊಳ್ಳಲಿಲ್ಲವೆಂಬ ಆರೋಪ ಪೊಲೀಸರ ಮೇಲೆ ಬಂತು; ಕೆಲವರು ಅಮಾನತಾದರು, ಹಲ್ಲೆ ಮಾಡಿದವರಲ್ಲಿ ಹಲವರ ಬಂಧನವಾಯಿತು.