ಕ್ರಿಯೇಟಿನ್: ಹಾಸ್ಟೆಲ್ ಮಕ್ಕಳ ಪ್ರಶ್ನೆ, ಡಾಕ್ಟರ ಉತ್ತರ

ದೌಂಡದ ನಮ್ಮ ಕನ್ನಡ ಮನೆಗಳಿಂದ ಈ ವರ್ಷ ಪುಣೆಯ ಹಾಸ್ಟೆಲ್ ಸೇರಿದ ಮಕ್ಕಳಿಗಾಗಿ.

*ಪ್ರಶ್ನೆ: ಇದು ಸ್ಟೆರಾಯ್ಡಾ?*
ಅಲ್ಲ. ನಮ್ಮ ದೇಹವೇ ತಯಾರಿಸುವ ವಸ್ತು. ಮಾಂಸ, ಮೀನಿನಲ್ಲೂ ಇರುತ್ತದೆ.

*ಪ್ರಶ್ನೆ: ಎಷ್ಟು ತೆಗೆದುಕೊಳ್ಳಬೇಕು?*
ದಿನಕ್ಕೆ 3ರಿಂದ 5 ಗ್ರಾಂ ಸಾಕು. ಮೊದಲ ವಾರ 20 ಗ್ರಾಂ ಬೇಕೆಂದು ಜಿಮ್‌ನಲ್ಲಿ ಹೇಳಿದರೂ ಅಗತ್ಯವಿಲ್ಲ. ಆರಂಭದಲ್ಲಿ ಒಂದು ಕಿಲೋ ತೂಕ ಏರಿದರೆ ಅದು ಹೆಚ್ಚಾಗಿ ಸ್ನಾಯುವಿನಲ್ಲಿ ನಿಂತ ನೀರು.

*ಪ್ರಶ್ನೆ: ರಕ್ತದ ರಿಪೋರ್ಟ್‌ನಲ್ಲಿ ಕ್ರಿಯೇಟಿನಿನ್ 1.4 ಬಂದಿದೆ. ಕಿಡ್ನಿ ಕೆಟ್ಟಿತೇ?*
ಅಷ್ಟಕ್ಕೇ ಹಾಗೆನ್ನಲಾಗದು. ಕ್ರಿಯೇಟಿನ್ ಒಡೆದು ಆಗುವುದೇ ಕ್ರಿಯೇಟಿನಿನ್. ಪುಡಿ ತಿಂದರೆ, ಕಿಡ್ನಿ ಸರಿಯಿದ್ದರೂ ಸಂಖ್ಯೆ ಸ್ವಲ್ಪ ಏರಬಹುದು. ಪುಡಿ ತಿನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಎರಡು-ಮೂರು ವಾರ ಬಿಟ್ಟು, ಪರೀಕ್ಷೆಗೆ ಮುನ್ನ ಎರಡು ದಿನ ಭಾರ ಎತ್ತದೆ, ಮತ್ತೆ ನೋಡಿಸಿ. ಇಳಿದರೆ ಕಾರಣ ಪುಡಿಯೇ ಇರಬಹುದು. ಇಳಿಯದಿದ್ದರೆ ಸಿಸ್ಟಾಟಿನ್-ಸಿ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಬೇಕು. ಸಿಸ್ಟಾಟಿನ್-ಸಿ ಪುಡಿಯಿಂದ ಏರುವುದಿಲ್ಲ.

*ಪ್ರಶ್ನೆ: ಕುಡಿದ ಮೇಲೆ ಎದೆ ಡವಡವ ಎನ್ನುತ್ತದೆ?*
ಡಬ್ಬಿಯ ಹಿಂಬದಿ ಓದಿ. 'ಪ್ರೀ-ವರ್ಕೌಟ್' ಪುಡಿಗಳಲ್ಲಿ ಕೆಫೀನ್ ಬೆರೆತಿರುತ್ತದೆ, ಡವಡವಕ್ಕೆ ಅದೇ ಕಾರಣ ಇರಬಹುದು. ಅದನ್ನು ನಿಲ್ಲಿಸಿ. ತಲೆ ಸುತ್ತಿದರೆ, ಎದೆ ನೋಯಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

*ಪ್ರಶ್ನೆ: ಯಾರಿಗೆ ಬೇಡ?*
ಕಿಡ್ನಿ ತೊಂದರೆ ಇರುವವರಿಗೆ, 18 ತುಂಬದವರಿಗೆ.

– ಹೃದ್ರೋಗ ತಜ್ಞ, ಎಂ.ಡಿ., ದೌಂಡ