ಚಕ್ರಬಡ್ಡಿ ಎಂದರೇನು? ಠೇವಣಿ ಇಡುವ ಸದಸ್ಯರು ತಿಳಿದಿರಬೇಕಾದ ಲೆಕ್ಕ



ಹಂಗಾಮು ಮುಗಿದು ಕಬ್ಬಿನ ಬಿಲ್ಲಿನ ಕೊನೆಯ ಹಪ್ತೆ ಖಾತೆಗೆ ಜಮಾ ಆದ ಮೇಲೆ, ಸೊಸೈಟಿಯ ಸಾಲ ಮತ್ತು ಗೊಬ್ಬರದ ಬಾಕಿ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿದರೆ, ನಮ್ಮಲ್ಲಿ ಅನೇಕರು ಅದನ್ನು ಮಗಳ ಮದುವೆಗೆಂದೋ ಹೊಸ ಬಾವಿಗೆಂದೋ ಮುದ್ದತಿನ ಠೇವಣಿಯಲ್ಲಿ ಇಡುತ್ತಾರೆ. ಇಡುವಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಬಡ್ಡಿ ಎಷ್ಟು ಶೇಕಡಾ?" ಈ ಪ್ರಶ್ನೆ ಸರಿಯಾದದ್ದೇ. ಆದರೆ ಹಣ ಹತ್ತು-ಇಪ್ಪತ್ತು ವರ್ಷ ಇರಬೇಕಾದದ್ದಾದರೆ ಇದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ವರ್ಷದ ಕೊನೆಗೆ ಆ ಬಡ್ಡಿ ಎಲ್ಲಿಗೆ ಹೋಗುತ್ತದೆ? ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ಅಂತರವೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ.

ಬಡ್ಡಿ ಹುಟ್ಟಿದ ದಿನ ಅದು ನಿಮ್ಮ ಕೈಗೆ ಬಂದರೆ ಅಥವಾ ಬೇರೆ ಖಾತೆಗೆ ಹೋದರೆ, ಅಸಲು ಮೊದಲು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಮುಂದಿನ ವರ್ಷವೂ ಬಡ್ಡಿ ಅಷ್ಟೇ ಬರುತ್ತದೆ. ಇದು ಸರಳ ಬಡ್ಡಿ. ಅದರ ಬದಲು ಬಡ್ಡಿಯನ್ನು ಅಸಲಿಗೆ ಕೂಡಿಸಿದರೆ, ಮುಂದಿನ ವರ್ಷ ದೊಡ್ಡದಾದ ಅಸಲಿನ ಮೇಲೆ ಬಡ್ಡಿ ಹುಟ್ಟುತ್ತದೆ. ಅದೂ ಅಸಲಿಗೆ ಸೇರುತ್ತದೆ. ಇದು ಚಕ್ರಬಡ್ಡಿ. ಕಬ್ಬಿನ ಮಾತಿನಲ್ಲಿ ಹೇಳುವುದಾದರೆ, ಬೆಳೆದ ಕಬ್ಬನ್ನೆಲ್ಲ ಕಾರಖಾನೆಗೆ ಕಳಿಸಿ ಪ್ರತಿ ವರ್ಷ ಅದೇ ಒಂದು ಎಕರೆ ಬೆಳೆಯುವುದು ಸರಳ ಬಡ್ಡಿಯ ರೀತಿ. ಬೆಳೆದದ್ದನ್ನು ಬೀಜದ ಕಬ್ಬಾಗಿ ಕಡಿದು ಹೊಸ ಹೊಲಕ್ಕೆ ಹಚ್ಚುತ್ತ ಹೋಗುವುದು ಚಕ್ರಬಡ್ಡಿಯ ರೀತಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ಇಬ್ಬರು ಸದಸ್ಯರು ಒಂದೇ ದಿನ ತಲಾ 10,000 ರೂಪಾಯಿ ಇಟ್ಟರೆಂದು ಹಿಡಿಯಿರಿ. ಇಬ್ಬರಿಗೂ ದರ ವರ್ಷಕ್ಕೆ ಶೇಕಡಾ 8. ಮೊದಲನೆಯವರು ಪ್ರತಿ ವರ್ಷ ಬಡ್ಡಿ ಎಣಿಸಿಕೊಳ್ಳುತ್ತಾರೆ. ಎರಡನೆಯವರು ಅದನ್ನು ಅಸಲಿಗೆ ಕೂಡಿಸಿರೆಂದು ಬರೆದುಕೊಟ್ಟಿದ್ದಾರೆ. ಮೊದಲ ವರ್ಷ ಇಬ್ಬರಿಗೂ ಹುಟ್ಟುವ ಬಡ್ಡಿ 800 ರೂಪಾಯಿ. ಎರಡನೆಯ ವರ್ಷ ಮೊದಲನೆಯವರಿಗೆ ಮತ್ತೆ 800. ಎರಡನೆಯವರಿಗೆ 10,800ರ ಮೇಲೆ ಲೆಕ್ಕವಾಗಿ 864. ಹೆಚ್ಚಾದದ್ದು 64 ರೂಪಾಯಿ, ಅಂದರೆ 800ರ ಮೇಲಿನ ಶೇಕಡಾ 8. ಮೂರನೆಯ ವರ್ಷ ಎರಡನೆಯವರಿಗೆ 933. "ಇಷ್ಟಕ್ಕೇನು ದೊಡ್ಡ ಮಾತು?" ಎಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ಮೊದಲ ಮೂರು-ನಾಲ್ಕು ವರ್ಷ ಈ ಅಂತರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದಲೇ ಜನ ಅದನ್ನು ಲಕ್ಷಿಸುವುದಿಲ್ಲ. ಮುಂದಿನದನ್ನು ನೋಡಿರಿ. ಅಸಲು ಮತ್ತು ಅಂದಿನವರೆಗಿನ ಒಟ್ಟು ಬಡ್ಡಿ ಸೇರಿ ಆಗುವ ರಕಮು ಹೀಗಿದೆ:

5 ವರ್ಷಕ್ಕೆ: ಸರಳ 14,000, ಚಕ್ರ 14,693
10 ವರ್ಷಕ್ಕೆ: ಸರಳ 18,000, ಚಕ್ರ 21,589
15 ವರ್ಷಕ್ಕೆ: ಸರಳ 22,000, ಚಕ್ರ 31,722
20 ವರ್ಷಕ್ಕೆ: ಸರಳ 26,000, ಚಕ್ರ 46,610

ಐದನೆಯ ವರ್ಷಕ್ಕೆ 700 ರೂಪಾಯಿಯೂ ಇಲ್ಲದ ಅಂತರ ಇಪ್ಪತ್ತನೆಯ ವರ್ಷಕ್ಕೆ 20,000 ದಾಟಿತು. ಇಪ್ಪತ್ತನೆಯ ಒಂದೇ ವರ್ಷದಲ್ಲಿ ಎರಡನೆಯವರ ಖಾತೆಯಲ್ಲಿ ಹುಟ್ಟಿದ ಬಡ್ಡಿ ಸುಮಾರು 3,453. ಮೊದಲನೆಯವರಿಗೆ ಅದೇ 800. ದರ ಬದಲಾಗಲಿಲ್ಲ, ಯಾರೂ ಹೆಚ್ಚಿಗೆ ಹಣ ಹಾಕಲಿಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಮೊದಲನೆಯ ಸದಸ್ಯರಿಗೆ ಯಾರೂ ಮೋಸ ಮಾಡಿಲ್ಲ. ಅವರು ಪ್ರತಿ ವರ್ಷದ 800 ರೂಪಾಯಿಯನ್ನು ಮಕ್ಕಳ ಶಾಲೆಗೋ ಮನೆ ಖರ್ಚಿಗೋ ಬಳಸಿದ್ದರೆ ಅದರ ಪ್ರಯೋಜನ ಅವರಿಗೆ ಸಿಕ್ಕಿದೆ. ವರ್ಷಾ ವರ್ಷಾ ಕೈಖರ್ಚು ಬೇಕಾದ ವಯಸ್ಸಾದವರಿಗೆ ಇದೇ ಸರಿಯಾದ ದಾರಿ. ನಿಜವಾಗಿ ನಷ್ಟವಾಗುವುದು ಮೂರನೆಯ ತರಹದವರಿಗೆ. ಅವರು ಬಡ್ಡಿಯನ್ನು ಕೈಗೂ ತೆಗೆದುಕೊಳ್ಳುವುದಿಲ್ಲ, ಅಸಲಿಗೂ ಸೇರಿಸುವುದಿಲ್ಲ. "ಇರಲಿ ಬಿಡು, ಅಲ್ಲೇ ಬೆಳೀತದ" ಎಂದು ನಂಬಿ ಕೂಡುತ್ತಾರೆ. ಅದು ಬೆಳೆಯುತ್ತಿರುವುದಿಲ್ಲ.

ಅಂಚೆ ಕಚೇರಿಯ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿನ ಐದು ವರ್ಷದ ಮುದ್ದತಿನ ಠೇವಣಿಗೆ 2023ರ ಏಪ್ರಿಲ್‌ನಲ್ಲಿ ಶೇಕಡಾ 7.5 ದರ ಗೊತ್ತುಪಡಿಸಲಾಯಿತು. ಈ ಠೇವಣಿಯಲ್ಲಿ ಮೂರು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಕೂಡಿಸಿ ಲೆಕ್ಕ ಮಾಡುತ್ತಾರೆ. ಆದ್ದರಿಂದ 10,000ಕ್ಕೆ ವರ್ಷಕ್ಕೆ 750 ಅಲ್ಲ, 771 ರೂಪಾಯಿ ಹುಟ್ಟುತ್ತದೆ. ಇಷ್ಟು ಕೇಳಿದವರು ಇದನ್ನು ಪೂರ್ತಿ ಚಕ್ರಬಡ್ಡಿಯ ಠೇವಣಿ ಎಂದು ತಿಳಿಯುತ್ತಾರೆ. ಆದರೆ ಆ ಚಕ್ರ ಒಂದು ವರ್ಷದೊಳಗೆ ಮಾತ್ರ ತಿರುಗುತ್ತದೆ. ವರ್ಷ ತುಂಬಿದೊಡನೆ 771 ರೂಪಾಯಿ ನಿಮಗೆ ಕೊಡಬೇಕಾದ ಹಣವಾಗಿ ಬೇರೆ ನಿಲ್ಲುತ್ತದೆ. ನೀವು ತೆಗೆದುಕೊಳ್ಳದಿದ್ದರೆ ಅದರ ಮೇಲೆ ಹೆಚ್ಚಿನ ಬಡ್ಡಿ ಇಲ್ಲವೆಂದು ನಿಯಮವೇ ಇದೆ. ಐದು ವರ್ಷ ಕಳೆದು ಹೋದರೆ ಸಿಗುವುದು 10,000 ಮತ್ತು ಐದು ಸಲದ 771, ಒಟ್ಟು 13,855. ಅದೇ ದರದಲ್ಲಿ ಬಡ್ಡಿ ಅಸಲಿಗೆ ಸೇರುತ್ತ ಹೋಗಿದ್ದರೆ ಸುಮಾರು 14,500 ಆಗುತ್ತಿತ್ತು. ಒಂದು ಲಕ್ಷ ಇಟ್ಟವರಿಗೆ ಈ ಅಂತರ 6,400 ರೂಪಾಯಿಯ ಸುತ್ತಮುತ್ತ ಬೀಳುತ್ತದೆ. ಈ ಠೇವಣಿ ಇರುವವರು ಬಡ್ಡಿಯನ್ನು ವರ್ಷಾ ತಮ್ಮ ಉಳಿತಾಯ ಖಾತೆಗೆ ಜಮಾ ಮಾಡಲು ಬರೆದುಕೊಡಲಿ. ಅಲ್ಲಿ ದರ ಕಡಿಮೆಯಾದರೂ ಏನೋ ಹುಟ್ಟುತ್ತದೆ.

ಅದೇ ಅಂಚೆ ಕಚೇರಿಯಲ್ಲಿ ಕಿಸಾನ್ ವಿಕಾಸ ಪತ್ರವೂ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ ಅದಕ್ಕೂ ಗೊತ್ತಾದ ದರ 7.5. ಇಲ್ಲಿ ಮಾತ್ರ ನಡುವೆ ಬಡ್ಡಿ ಕೈಗೆ ಬರುವುದಿಲ್ಲ, ಪ್ರತಿ ವರ್ಷ ಅಸಲಿಗೇ ಸೇರುತ್ತದೆ. ಆ ದರದಲ್ಲಿ ಹಣ 115 ತಿಂಗಳಿಗೆ, ಅಂದರೆ 9 ವರ್ಷ 7 ತಿಂಗಳಿಗೆ ದುಪ್ಪಟ್ಟಾಗುತ್ತದೆ. ಸರಳ ಬಡ್ಡಿಯಲ್ಲಿ 7.5ರಂತೆ ದುಪ್ಪಟ್ಟಾಗಲು 160 ತಿಂಗಳು ಬೇಕು. ನಡುವಿನ 45 ತಿಂಗಳು ಬಡ್ಡಿಯ ಮೇಲೆ ಹುಟ್ಟಿದ ಬಡ್ಡಿಯ ಗಳಿಕೆ.

ದುಪ್ಪಟ್ಟಿನ ಮಾತು ಬಂದದ್ದರಿಂದ ಒಂದು ಬಾಯಿಲೆಕ್ಕ ಹೇಳುತ್ತೇವೆ. 72ನ್ನು ಬಡ್ಡಿಯ ದರದಿಂದ ಭಾಗಿಸಿರಿ. ಬರುವ ಸಂಖ್ಯೆಯೇ ಚಕ್ರಬಡ್ಡಿಯಲ್ಲಿ ಹಣ ದುಪ್ಪಟ್ಟಾಗುವ ವರ್ಷಗಳು. ಶೇಕಡಾ 8ಕ್ಕೆ 9 ವರ್ಷ. 6ಕ್ಕೆ 12 ವರ್ಷ. ಇದು ಅಂದಾಜಿನ ಲೆಕ್ಕ, ಪೈಸೆಗೆ ಪೈಸೆ ಕೂಡುವಂಥದ್ದಲ್ಲ. ಆದರೂ ಠೇವಣಿ ಇಡುವ ದರಗಳಿಗೆ ಇದು ಸಾಕು. ಇದನ್ನು ಹಿಂದುಮುಂದು ಮಾಡಿಯೂ ಬಳಸಬಹುದು, ಅಲ್ಲಿಯೇ ಇದರ ಹೆಚ್ಚಿನ ಉಪಯೋಗ. ಯಾರಾದರೂ ಮನೆಗೆ ಬಂದು, "ಕಾಕಾ, ಹತ್ತು ವರ್ಷದಾಗ ದುಪ್ಪಟ್ಟು ಕೊಡ್ತೀವಿ, ಅಂದರ ಶೇಕಡಾ ಹತ್ತು ಬಡ್ಡಿ ಬಿತ್ತಲ್ಲ" ಎಂದರೆ 72ನ್ನು 10ರಿಂದ ಭಾಗಿಸಿರಿ. ನಿಜವಾದ ದರ 7.2ರ ಸುಮಾರು. ಹತ್ತು ಎಂಬುದು ಸರಳ ಬಡ್ಡಿಯ ಲೆಕ್ಕ. ಬ್ಯಾಂಕಿನ ಪಾಟಿಯ ಮೇಲಿನ ದರದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದರೆ ಹೋಲಿಕೆ ತಪ್ಪುತ್ತದೆ. ಹಾಗೆಯೇ ಐದು ವರ್ಷದಲ್ಲಿ ದುಪ್ಪಟ್ಟು ಎಂದವರು ಶೇಕಡಾ 14ಕ್ಕೂ ಮೇಲಿನ ಚಕ್ರಬಡ್ಡಿ ಕೊಡುತ್ತೇವೆ ಎಂದಂತೆ. ಅಷ್ಟು ಗಳಿಸುವ ಯಾವ ಧಂದೆ ಅವರದು ಎಂದು ಕೇಳಲು ಸಂಕೋಚಪಡಬೇಡಿರಿ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕು ಅಲ್ಲದ ಪತಸಂಸ್ಥೆಗೆ ಆ ವಿಮೆ ಅನ್ವಯಿಸುವುದಿಲ್ಲ.

ಚಕ್ರಬಡ್ಡಿ ಎಂಬ ಹೆಸರು ಕೇಳಿದರೆ ನಮ್ಮ ಹಿರಿಯರಿಗೆ ಮೈ ನಡುಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಅವರು ಕಂಡದ್ದು ಸಾವಕಾರನ ಖಾತೆಯಲ್ಲಿ ತಿರುಗುವ ಚಕ್ರವನ್ನು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 24; ಕಟ್ಟದೆ ಬಿಟ್ಟರೆ ಮೂರು ವರ್ಷದ ಸುಮಾರಿಗೆ ಸಾಲ ದುಪ್ಪಟ್ಟು. ಬಡ್ಡಿ ಅಸಲನ್ನು ಮೀರಿ ವಸೂಲಾಗಬಾರದೆಂಬ ದಾಮದುಪ್ಪಟ್ಟಿನ ನಿಯಮವನ್ನು ಹಳೆಯ ಮುಂಬಯಿ ಪ್ರಾಂತದ ಕೋರ್ಟುಗಳು ಹಿಂದೂ ಸಾಲಗಾರರಿಗೆ ಅನ್ವಯಿಸುತ್ತಿದ್ದದ್ದು ಇದೇ ಕಾರಣಕ್ಕೆ. ಇಂದಿಗೂ ಈ ಚಕ್ರ ಎರಡೂ ಕಡೆ ತಿರುಗುತ್ತದೆ. ಬೆಳೆಸಾಲ ಮುದ್ದತಿನೊಳಗೆ ಇರುವವರೆಗೆ ಬ್ಯಾಂಕು ಬಡ್ಡಿಗೆ ಬಡ್ಡಿ ಹಚ್ಚಬಾರದೆಂದು ರಿಜರ್ವ್ ಬ್ಯಾಂಕಿನ ಸೂಚನೆ ಇದೆ. ಮುದ್ದತು ಮೀರಿ ಕಟಬಾಕಿಯಾದರೆ ಮಾತ್ರ ಬಡ್ಡಿಯನ್ನು ಅಸಲಿಗೆ ಸೇರಿಸಬಹುದು. ಆದ್ದರಿಂದ ಕಟಬಾಕಿ ಇಟ್ಟುಕೊಂಡು ಇನ್ನೊಂದು ಕಡೆ ಠೇವಣಿ ಇಡುವುದು ಲೆಕ್ಕಕ್ಕೆ ಬರುವ ವ್ಯವಹಾರವಲ್ಲ. ಮೊದಲು ಆ ಬಾಕಿ ತೀರಲಿ.

ಇನ್ನು ಪಾವತಿಯನ್ನು ಓದುವ ಬಗೆ. ಬ್ಯಾಂಕಿನಲ್ಲಿ ಠೇವಣಿಯ ಅರ್ಜಿ ತುಂಬುವಾಗ ಬಡ್ಡಿ ತಿಂಗಳಿಗೆ ಬೇಕೋ, ಮೂರು ತಿಂಗಳಿಗೆ ಬೇಕೋ, ಮುದ್ದತಿನ ಕೊನೆಗೆ ಬೇಕೋ ಎಂದು ಕೇಳಿರುತ್ತಾರೆ. ಕೊನೆಗೆ ಕೊಡುವ ಬಗೆಗೆ ಕ್ಯುಮ್ಯುಲೇಟಿವ್ ಅಥವಾ ಪುನರ್ಹೂಡಿಕೆ ಠೇವಣಿ ಎಂದು ಹೆಸರು. ಬಡ್ಡಿ ಅಸಲಿಗೆ ಸೇರುವುದು ಅದರಲ್ಲಿ ಮಾತ್ರ. ಅರ್ಜಿಯನ್ನು ಗುಮಾಸ್ತರ ಕೈಯಿಂದ ತುಂಬಿಸುವ ಸದಸ್ಯರು ಈ ಕಲಮಿನಲ್ಲಿ ಏನು ಬರೆದರೆಂದು ಕೇಳಿ ಸಹಿ ಮಾಡಲಿ. ಪಾವತಿ ಕೈಗೆ ಬಂದ ಮೇಲೆ ಮುದ್ದತು ಮುಗಿದಾಗ ಸಿಗುವ ರಕಮು ನೋಡಿರಿ. ಶೇಕಡಾ 8ರಂತೆ 10,000ಕ್ಕೆ ಐದು ವರ್ಷದ ಪಾವತಿಯಲ್ಲಿ ಕೊನೆಯ ರಕಮು 10,000 ಎಂದೇ ಇದ್ದರೆ, ಬಡ್ಡಿ ಬೇರೆ ಹೋಗುತ್ತಿದೆ ಎಂದರ್ಥ. 14,693 ಅಥವಾ ಅದಕ್ಕೂ ಸ್ವಲ್ಪ ಹೆಚ್ಚಿದ್ದರೆ ಚಕ್ರಬಡ್ಡಿ. ಕಬ್ಬಿನ ಬಿಲ್ಲಿನಿಂದ ಟನ್ನಿಗಿಷ್ಟೆಂದು ಕಡಿದುಕೊಂಡ ಠೇವಣಿ ಇದ್ದವರೂ ಅದರ ಬಡ್ಡಿ ವರ್ಷಾ ಖಾತೆಗೆ ಬರುತ್ತದೆಯೋ ಠೇವಣಿಗೆ ಸೇರುತ್ತದೆಯೋ ಎಂದು ಲೆಕ್ಕವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಕೊನೆಯದಾಗಿ ಮುದ್ದತಿನ ತಾರೀಖು. ಆ ದಿನ ದಾಟಿದ ಮೇಲೆ ಠೇವಣಿ ನವೀಕರಣವಾಗದೆ ಹಾಗೆಯೇ ಬಿದ್ದಿದ್ದರೆ, 2021ರ ಜುಲೈಯಲ್ಲಿ ರಿಜರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಂತೆ ಉಳಿತಾಯ ಖಾತೆಯ ದರ ಮತ್ತು ಠೇವಣಿಯ ಹಳೆಯ ದರ ಇವೆರಡರಲ್ಲಿ ಕಡಿಮೆ ಇದ್ದದ್ದು ಮಾತ್ರ ಸಿಗುತ್ತದೆ. ಮುದ್ದತಿಗೆ ಮೊದಲೇ ಮುರಿದರೂ ದರ ಇಳಿಯುತ್ತದೆ. ಎರಡು ವರ್ಷದೊಳಗೆ ಪೈಪಲೈನಿಗೆ ಹಣ ಬೇಕಾಗುವುದೆಂದು ಗೊತ್ತಿದ್ದವರು ಅಷ್ಟನ್ನು ಬೇರೆ ಸಣ್ಣ ಮುದ್ದತಿಗೆ ಇಟ್ಟು, ಉಳಿದದ್ದನ್ನಷ್ಟೇ ದೊಡ್ಡ ಮುದ್ದತಿಗೆ ಹಾಕಲಿ. ನವೀಕರಣಕ್ಕೆ ಹೋಗುವಾಗ ಬಡ್ಡಿ ಸಹಿತ ಪೂರ್ತಿ ರಕಮನ್ನು ಮತ್ತೆ ಇಡಬೇಕೆಂದು ಬರೆದುಕೊಡಿರಿ. ಬರೀ ಅಸಲನ್ನು ನವೀಕರಿಸಿದರೆ ಲೆಕ್ಕ ಮತ್ತೆ 10,000ದಿಂದಲೇ ಶುರುವಾಗುತ್ತದೆ.