46ರಲ್ಲೇ ನಿಂತ ಇನ್‌ಸ್ಟಾಲರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮನೆಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಲು ಹೊರಟವರಲ್ಲಿ ಹಲವರು ಎಡವುವುದು ಕೆಲಸ ಶುರುವಾಗುವ ಮೊದಲೇ. ಪರದೆಯ ಮೇಲೆ Checking for updates ಎಂದು ಬರುತ್ತದೆ, ಅಂಕಿ 46%ರವರೆಗೆ ಸರಸರನೆ ಏರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಾದರೂ ಅದೇ 46. ಆಫ್ ಮಾಡಿದರೆ ಇರುವ ವಿಂಡೋಸೂ ಹಾಳಾದೀತೇ ಎಂಬ ಭಯಕ್ಕೆ ರಾತ್ರಿಯಿಡೀ ಹಾಗೇ ಬಿಟ್ಟು ಮಲಗುವವರಿದ್ದಾರೆ.

ಈ ಹಂತದಲ್ಲಿ ಆ ಭಯಕ್ಕೆ ಕಾರಣವಿಲ್ಲ. ಇಲ್ಲಿ ನಡೆಯುವ ಕೆಲಸಕ್ಕೆ ಡೈನಾಮಿಕ್ ಅಪ್‌ಡೇಟ್ ಎಂದು ಹೆಸರು. ನೀವು ಇಳಿಸಿಕೊಂಡ ಐಎಸ್‌ಒ ಫೈಲು ತಯಾರಾದ ಮೇಲೆ ಬಂದಿರುವ ತಿದ್ದುಪಡಿಗಳನ್ನೂ ಡ್ರೈವರ್‌ಗಳನ್ನೂ ಇನ್‌ಸ್ಟಾಲರ್ ಮೈಕ್ರೋಸಾಫ್ಟ್‌ನ ಸರ್ವರ್‌ನಿಂದ ತರಿಸಿಕೊಳ್ಳುತ್ತಿರುತ್ತದೆ. ನೆಟ್ ನಿಧಾನವಾಗಿದ್ದರೆ, ಸರ್ವರ್ ಉತ್ತರ ಕೊಡದಿದ್ದರೆ ಅದು ಕಾಯುತ್ತಲೇ ಇರುತ್ತದೆ. ನಿಮ್ಮ ಹಳೆಯ ವಿಂಡೋಸನ್ನು ಅದು ಇನ್ನೂ ಬದಲಿಸಿಲ್ಲ.

ಹಾಗಾದರೆ ಇದು ನಿಧಾನವೋ, ನಿಜವಾಗಿಯೂ ಸಿಕ್ಕಿಕೊಂಡಿದೆಯೋ? ಶೇಕಡಾ ಅಂಕಿಯನ್ನು ನಂಬಬೇಡಿ. ಅದು ಮುಗಿದ ಕೆಲಸಗಳ ಅಂದಾಜು ಲೆಕ್ಕವೇ ಹೊರತು ಉಳಿದ ಸಮಯದ ಲೆಕ್ಕವಲ್ಲ. ಇನ್‌ಸ್ಟಾಲರ್ ತಾನು ಮಾಡುವುದನ್ನೆಲ್ಲ setupact.log ಎಂಬ ಫೈಲಿನಲ್ಲಿ ಬರೆದುಕೊಳ್ಳುತ್ತ ಹೋಗುತ್ತದೆ. ಅದನ್ನು ನೋಡುವುದೇ ಸರಿಯಾದ ದಾರಿ. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಸಾಲು ಟೈಪ್ ಮಾಡಿ:

```
Get-Content 'C:\$WINDOWS.~BT\Sources\Panther\setupact.log' -Tail 5 -Wait
```

ಕೊನೆಯ ಐದು ಸಾಲು ಕಾಣಿಸುತ್ತವೆ. ಹೊಸ ಸಾಲು ಸೇರುತ್ತಿದ್ದರೆ ಕೆಲಸ ನಡೆದಿದೆ, ಸುಮ್ಮನೆ ಬಿಡಿ. ಇಪ್ಪತ್ತು ಮೂವತ್ತು ನಿಮಿಷ ಒಂದು ಸಾಲೂ ಸೇರದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಮತ್ತು ನೆಟ್‌ವರ್ಕ್ ಎರಡೂ ತಣ್ಣಗಿದ್ದರೆ ಸಿಕ್ಕಿಕೊಂಡಿದೆ ಎಂದೇ ತಿಳಿಯಬಹುದು. ಈ ಗಡುವು ನನ್ನದು, ಮೈಕ್ರೋಸಾಫ್ಟ್‌ನದಲ್ಲ.

ಆಗ ಇನ್‌ಸ್ಟಾಲರನ್ನು ಮುಚ್ಚಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಐಎಸ್‌ಒ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಮತ್ತೆ setup ಓಡಿಸಿ. ಮೊದಲ ಪುಟದಲ್ಲೇ Change how Setup downloads updates ಎಂಬ ಸಣ್ಣ ಕೊಂಡಿ ಇರುತ್ತದೆ. ಅವಸರದಲ್ಲಿ Next ಒತ್ತುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದನ್ನು ಒತ್ತಿ Not right now ಆರಿಸಿದರೆ ಅಪ್‌ಡೇಟ್ ಹುಡುಕುವ ಹಂತವೇ ತಪ್ಪುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಡ್ರೈವಿಗೆ ಹೋಗಿ ಇದನ್ನು ಕೊಟ್ಟರೂ ಅಷ್ಟೇ:

```
setup.exe /DynamicUpdate disable
```

ಬಿಟ್ಟುಹೋದ ತಿದ್ದುಪಡಿಗಳನ್ನು ಹೊಸ ವಿಂಡೋಸ್ ಬಂದ ಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಿಂದ ಹಾಕಿಕೊಳ್ಳಬಹುದು.

ಇದೇ ಧೈರ್ಯವನ್ನು ಮುಂದಿನ ಹಂತಗಳಿಗೂ ಒಯ್ದರೆ ಅಪಾಯ. ಗುರುತು ಸರಳ: ಪರದೆಯ ಮೇಲೆ Cancel ಗುಂಡಿ ಇರುವತನಕ ನೀವು ಹಳೆಯ ವಿಂಡೋಸ್ ಒಳಗೇ ಇದ್ದೀರಿ, ಆ ಗುಂಡಿಯಿಂದಲೇ ಹಿಂದೆ ಸರಿಯಬಹುದು. ಒಮ್ಮೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಿ, ಪೂರ್ತಿ ಪರದೆಯಲ್ಲಿ ಬರೀ ಅಂಕಿ ಮತ್ತು ಆಫ್ ಮಾಡಬೇಡಿ ಎಂಬ ಸೂಚನೆ ಬಂತೆಂದರೆ ಫೈಲುಗಳ ಅದಲುಬದಲು ಶುರುವಾಗಿದೆ. ಇಲ್ಲಿ 30ರಲ್ಲೋ 75ರಲ್ಲೋ ಅಂಕಿ ಬಹಳ ಹೊತ್ತು ನಿಲ್ಲುವುದುಂಟು. ಎಸ್‌ಎಸ್‌ಡಿ ಇಲ್ಲದ, ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಗಂಟೆಗಟ್ಟಲೆ. ಲಾಗ್ ಫೈಲು ನೋಡಲು ದಾರಿಯಿಲ್ಲ. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದ್ದರೆ, ಕಿವಿಗೊಟ್ಟರೆ ಡಿಸ್ಕಿನ ಸದ್ದು ಕೇಳಿಸುತ್ತಿದ್ದರೆ ಮುಟ್ಟಬೇಡಿ.

ಮೂರು ನಾಲ್ಕು ಗಂಟೆ ದೀಪವೂ ಸದ್ದೂ ಇಲ್ಲದಿದ್ದರೆ ಮೊದಲು ಪ್ರಿಂಟರ್, ಪೆನ್‌ಡ್ರೈವ್‌ನಂಥ ಯುಎಸ್‌ಬಿ ಸಾಧನಗಳನ್ನು ಕಳಚಿ ನೋಡಿ (ಇನ್‌ಸ್ಟಾಲ್ ಆಗುತ್ತಿರುವುದೇ ಪೆನ್‌ಡ್ರೈವ್‌ನಿಂದ ಎಂದಾದರೆ ಅದೊಂದನ್ನು ಬಿಟ್ಟು). ಡ್ರೈವರ್ ಹುಡುಕಾಟದಲ್ಲಿ ಇನ್‌ಸ್ಟಾಲರ್ ತಡವರಿಸುವುದಕ್ಕೆ ಇವೂ ಕಾರಣವಾಗುತ್ತವೆ. ಅದಕ್ಕೂ ಜಗ್ಗದಿದ್ದರೆ ಮಾತ್ರ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯುವುದು. ಮತ್ತೆ ಆನ್ ಮಾಡಿದಾಗ ಇನ್‌ಸ್ಟಾಲರ್ ಸಾಮಾನ್ಯವಾಗಿ ಹಳೆಯ ವಿಂಡೋಸನ್ನು ವಾಪಸ್ ತರಲು ನೋಡುತ್ತದೆ. ಯಾವಾಗಲೂ ಗೆಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಆ ವಾಪಸಾತಿ ನಡೆಯುವಾಗ ಮತ್ತೆ ಕೈ ಹಾಕಿದರಂತೂ ಎರಡೂ ಹೋಗಬಹುದು. ಹಾಗೆಯೇ ಪರದೆಯಲ್ಲಿ ಬಯಾಸ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಎಂದು ಕಂಡರೆ ಪವರ್ ಗುಂಡಿಯ ಹತ್ತಿರವೂ ಹೋಗಬೇಡಿ, ಅಲ್ಲಿ ಕೆಟ್ಟರೆ ಮದರ್‌ಬೋರ್ಡೇ ರಿಪೇರಿಗೆ ಹೋಗುತ್ತದೆ.

ಕರೆಂಟ್ ಹೋಗುವ ಊರಾದರೆ ಲ್ಯಾಪ್‌ಟಾಪಿಗೆ ಚಾರ್ಜರ್, ಡೆಸ್ಕ್‌ಟಾಪಿಗೆ ಯುಪಿಎಸ್ ಹಾಕಿಯೇ ಶುರುಮಾಡಬೇಕು. ಮುಖ್ಯ ಫೈಲುಗಳ ಪ್ರತಿಯ ಜತೆಗೆ ಬಿಟ್‌ಲಾಕರ್ ರಿಕವರಿ ಕೀಯ 48 ಅಂಕಿಗಳನ್ನೂ ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ. ನಡುವೆ ನಿಂತ ಇನ್‌ಸ್ಟಾಲ್ ಆದಮೇಲೆ ಕೆಲವು ಯಂತ್ರಗಳು ಆನ್ ಆಗುವಾಗ ಮೊದಲು ಕೇಳುವುದೇ ಅದನ್ನು.